ರೋಹಿಣಿ ಮಳೆಗೆ ಮುಂಚೆ ಗೋಡೆ ಬರೆಸುವುದು: ಒಂದು ಬೀಜದ ಅಂಗಡಿಯ ಲೆಕ್ಕ

ಹಾವೇರಿ ಜಿಲ್ಲೆಯ ಒಂದು ತಾಲೂಕು ಕೇಂದ್ರದಲ್ಲಿ ಬೀಜದ ಅಂಗಡಿಯೊಂದಕ್ಕೆ ಗೋಡೆ ಬರೆಯುವ ಕೆಲಸ. ಬ್ರಷ್ ಹಿಡಿದ ದಿನಗಳು ಐದು. ಅದಕ್ಕೆ ಮುಂಚಿನ ತಯಾರಿಗೆ ಒಂದೂವರೆ ತಿಂಗಳು ಹಿಡಿಯಿತು. ಈ ಬರಹ ಹೆಚ್ಚಾಗಿ ಆ ತಯಾರಿಯದ್ದು, ಏಕೆಂದರೆ ಗೋಡೆ ಬರಹ ಕೆಡುವುದು ಬಹುಪಾಲು ಅಲ್ಲಿಯೇ.

ದಿನಗಳನ್ನು ಹಿಂದಿನಿಂದ ಎಣಿಸಬೇಕು. ಈ ಕಡೆ ಗೋವಿನಜೋಳ, ಹತ್ತಿ ಬಿತ್ತುವವರು ರೋಹಿಣಿ ಮಳೆಯ ಹೊತ್ತಿಗೆ ಬೀಜದ ಅಂಗಡಿ ಹುಡುಕಲು ಶುರು ಮಾಡುತ್ತಾರೆ. ರೋಹಿಣಿ ಹುಟ್ಟುವುದು ಮೇ 25ರ ಸುಮಾರಿಗೆ, ಮೃಗಶಿರಾ ಜೂನ್ 7-8ಕ್ಕೆ. ಬರಹ ಅದಕ್ಕೆ ಎರಡು ವಾರ ಮುಂಚೆಯಾದರೂ ಗೋಡೆಯ ಮೇಲಿರಬೇಕು. ಅಂದರೆ ಮೇ 10ಕ್ಕೆ ಕೆಲಸ ಮುಗಿಯಬೇಕು. ಏಪ್ರಿಲ್ ಕೊನೆಯಿಂದ ಮಧ್ಯಾಹ್ನ ಸುಡುವ ಬಿಸಿಲು, ಸಂಜೆ ಗುಡುಗಿನ ಮಳೆ. ಹಾಗಾಗಿ ಬಣ್ಣದ ಕೆಲಸಕ್ಕೆಂದೇ ಹತ್ತು ದಿನ ಕೈಯಲ್ಲಿಟ್ಟುಕೊಂಡೆವು. ಗೋಡೆ ಹುಡುಕುವುದನ್ನು ಯುಗಾದಿ ಮುಗಿದ ಮೇಲೆ ಇಟ್ಟುಕೊಂಡೆವು. ಹಬ್ಬಕ್ಕೆ ಮುಂಚೆ ಗೋಡೆ ಹಿಡಿದರೆ ಮನೆಯವರು ಸುಣ್ಣ ಬಳಿಯುವ ಆಸೆಯಲ್ಲಿರುತ್ತಾರೆ. ಹಬ್ಬ ಮುಗಿದ ಮೇಲಾದರೆ ಮಾತು ಸುಲಭ.

ಮೂರು ಗೋಡೆಗಳು ಕಣ್ಣ ಮುಂದಿದ್ದವು. ಬಸ್ ನಿಲ್ದಾಣದ ಎದುರಿನದು ಎಲ್ಲಕ್ಕಿಂತ ದೊಡ್ಡದು, ಮಾಲೀಕರೂ ಒಪ್ಪಿದ್ದರು. ವಾರದ ನಡುವೆ ನೋಡಿದಾಗ ಅದಕ್ಕಿಂತ ಒಳ್ಳೆಯ ಗೋಡೆ ಇಲ್ಲ ಅನಿಸಿತು. ಸಂತೆಯ ದಿನ ಹೋಗಿ ನೋಡಿದರೆ ಅದೇ ಗೋಡೆಗೆ ಮೊಳೆ ಹೊಡೆದು ಒಂದರ ಪಕ್ಕ ಒಂದು ತಾಡಪತ್ರಿ ಕಟ್ಟಿದ್ದರು. ಎಂಟು ಅಡಿಯವರೆಗೆ ಏನೂ ಕಾಣುತ್ತಿರಲಿಲ್ಲ. ಹಳ್ಳಿಯ ರೈತ ಪೇಟೆಗೆ ಬರುವುದು ಸಂತೆಯ ದಿನ. ಆ ದಿನವೇ ಮುಚ್ಚಿಹೋಗುವ ಗೋಡೆ ಬೀಜದ ಅಂಗಡಿಗೆ ಬೇಡ. ಎರಡನೆಯದು ಗೊಬ್ಬರದ ಗೋದಾಮಿನ ಗೋಡೆ. ಅದರ ಮುಂದೆ ದಿನವಿಡೀ ಲೋಡು ಹೊತ್ತ ಟ್ರ್ಯಾಕ್ಟರ್ ಟ್ರೇಲರ್‌ಗಳ ಸಾಲು. ಹಾಗಾಗಿ ಗೋಡೆಯನ್ನು ಮೂರು ಸಲ ನೋಡಬೇಕು: ಸಾಮಾನ್ಯ ದಿನ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಸಂತೆಯ ದಿನ ಒಮ್ಮೆ. ನೋಡುವಾಗ ಗೋಡೆಯ ಬುಡದಲ್ಲಿ ನಿಲ್ಲಬಾರದು. ಹಳ್ಳಿಯಿಂದ ಬರುವ ಬಸ್ಸಿನ ಕಿಟಕಿ, ಬೈಕಿನ ಹಿಂದಿನ ಸೀಟು, ಚಹಾದಂಗಡಿಯ ಬೆಂಚು, ಈ ಮೂರು ಕಡೆಯಿಂದ ನೋಡಬೇಕು.

ನಾವು ಆರಿಸಿದ ಮೂರನೆಯ ಗೋಡೆ ಉಳಿದೆರಡಕ್ಕಿಂತ ಚಿಕ್ಕದು: 24 ಅಡಿ ಉದ್ದ, 10 ಅಡಿ ಎತ್ತರ. ಹಳ್ಳಿಗಳ ಕಡೆಯಿಂದ ರಸ್ತೆ ಊರೊಳಗೆ ಬರುವಲ್ಲಿ ಬಲಕ್ಕಿರುವ ಹಳೆಯ ಗೋದಾಮಿನ ಪಕ್ಕದ ಗೋಡೆ ಅದು. ಅದರ ಮುಂದೆಯೇ ರಸ್ತೆ ಉಬ್ಬಿದೆ, ಬಸ್ಸು ಅಲ್ಲಿ ನಿಧಾನಿಸಲೇಬೇಕು. ಮುಖ ಪೂರ್ವಕ್ಕೆ. ಮುಂಗಾರು ಗಾಳಿಮಳೆ ಪಶ್ಚಿಮ ಮತ್ತು ನೈರುತ್ಯದಿಂದ ಹೊಡೆಯುವುದರಿಂದ ಪೂರ್ವದ ಗೋಡೆಗೆ ನೇರ ಹೊಡೆತ ಕಡಿಮೆ, ಮಧ್ಯಾಹ್ನದ ನಂತರದ ಬಿಸಿಲೂ ತಾಗುವುದಿಲ್ಲ. ಮೇಲೆ ಒಂದು ಅಡಿ ಹೊರಚಾಚಿದ ಸಜ್ಜಾ ಇದೆ. ಇದ್ದ ಕೊರತೆ ಒಂದೇ: ಬಲತುದಿಯಲ್ಲಿ ಮಾಳಿಗೆಯ ನೀರು ಇಳಿಯುವ ಪೈಪು ಗೋಡೆಗಿಂತ ನಾಲ್ಕು ಇಂಚು ಮಾತ್ರ ಮುಂದಿತ್ತು. ಹಾಗೇ ಬಿಟ್ಟಿದ್ದರೆ ಮೊದಲ ಮಳೆಗೇ ಫೋನ್ ನಂಬರಿನ ಮೇಲೆ ಕೆಸರಿನ ಗೆರೆ ಇಳಿಯುತ್ತಿತ್ತು. ಬಣ್ಣಕ್ಕೆ ಮೊದಲೇ ಅದಕ್ಕೆ ಒಂದೂವರೆ ಅಡಿ ಪೈಪು ಜೋಡಿಸಿ ನೀರನ್ನು ಗೋಡೆಯಿಂದ ಆಚೆ ಬೀಳಿಸಿದೆವು.

ಗೋಡೆ ಯಾರದ್ದು ಎಂಬುದನ್ನು ಬಾಯಿಮಾತಿಗೆ ಬಿಡಬಾರದು. ಗೋದಾಮಿನಲ್ಲಿ ಕೂತಿದ್ದ ಹಿರಿಯರು “ಬರಕೋರಿ, ನಮದ ಐತಿ” ಅಂದರು. ಆಸ್ತಿಯ ಉತಾರ ತೆಗೆಸಿ ನೋಡಿದರೆ ಅಣ್ಣತಮ್ಮಂದಿರ ಪಾಲಾದ ಮೇಲೆ ಆ ಬದಿ ತಮ್ಮನ ಹೆಸರಿಗೆ ಬಂದಿತ್ತು. ಅವರು ಬೇರೆ ಊರಿನಲ್ಲಿದ್ದರು. ಅವರ ಸಹಿ ಬರುವವರೆಗೆ ಹನ್ನೊಂದು ದಿನ ಕಾದೆವು. ಕಾಯದೆ ಬರೆದಿದ್ದರೆ ಅವರು ಒಂದು ಬಕೆಟ್ ಸುಣ್ಣದಿಂದ ಎಲ್ಲವನ್ನೂ ಅಳಿಸಬಹುದಿತ್ತು, ಕೇಳುವ ಹಕ್ಕು ನಮಗಿರುತ್ತಿರಲಿಲ್ಲ. ಒಪ್ಪಿಗೆ ಪತ್ರದಲ್ಲಿ ಗೋಡೆಯ ಅಳತೆ, ಎಂದಿನಿಂದ ಎಂದಿನವರೆಗೆ, ಬಾಡಿಗೆ ಎಷ್ಟು ಮತ್ತು ಯಾವಾಗ ಕೊಡುವುದು ಎಂದು ಬರೆಯುವುದು ಎಲ್ಲರಿಗೂ ಗೊತ್ತಿದೆ. ಬಿಟ್ಟುಹೋಗುವ ಮಾತುಗಳು ಎರಡು. ದೀಪಾವಳಿಗೋ ಮನೆಯ ಮದುವೆಗೋ ಸುಣ್ಣ ಬಳಿಯುವಾಗ ಈ ಗೋಡೆಯನ್ನು ಬಿಡಬೇಕು ಎಂಬುದು ಒಂದು. ಅವಧಿ ಮುಗಿಯುವವರೆಗೆ ಇದರ ಮೇಲೆ ಬೇರೆ ಯಾರಿಗೂ, ಚುನಾವಣೆಯ ಬರಹಕ್ಕೂ, ಜಾಗ ಕೊಡಬಾರದು ಎಂಬುದು ಇನ್ನೊಂದು. ಎರಡನ್ನೂ ಬರೆಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದೆವು.

ಮಾಲೀಕರ ಒಪ್ಪಿಗೆ ಒಂದೇ ಸಾಲದು. ತೆರೆದ ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ ಕರ್ನಾಟಕದ 1981ರ ಕಾಯ್ದೆ ಜಾರಿಯಲ್ಲಿರುವ ಊರುಗಳಲ್ಲಿ ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಜಾಹೀರಾತು ಹಾಕಲು ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಬೇಕು, ಗೋಡೆ ಖಾಸಗಿಯದ್ದಾದರೂ ಸರಿ. ಆದ್ದರಿಂದ ಒಪ್ಪಿಗೆ ಪತ್ರದ ಪ್ರತಿ, ಗೋಡೆಯ ಫೋಟೊ, ಬರಹದ ನಕ್ಷೆ ಇಟ್ಟು ಪುರಸಭೆಗೆ ಅರ್ಜಿ ಕೊಟ್ಟೆವು. ಶಾಲೆ, ಗುಡಿ, ಸರ್ಕಾರಿ ಕಚೇರಿ, ನೀರಿನ ಟ್ಯಾಂಕು, ಸೇತುವೆಯ ಗೋಡೆಗಳನ್ನು ಯಾರೇ ಒಪ್ಪಿದರೂ ಮುಟ್ಟುವುದಿಲ್ಲ.

ಮುಂದೆ ಏನು ಬರೆಯುವುದು ಎಂಬ ಮಾತು. ಅಂಗಡಿಯವರು ಕೊಟ್ಟ ಚೀಟಿಯಲ್ಲಿ ಹೆಸರು, ಅದರ ಮೇಲೆ ದೇವರ ಹೆಸರು, ಎಂಟು ಬೆಳೆಗಳು, ಮೂರು ಕಂಪನಿಗಳು, ನಾಲ್ಕು ತಳಿಗಳ ನಂಬರು, “ಪ್ರಮಾಣಿತ ಬೀಜಗಳು”, “ಎಕರೆಗೆ 40 ಕ್ವಿಂಟಲ್ ಖಚಿತ”, ಎರಡು ಫೋನ್ ನಂಬರು ಎಲ್ಲವೂ ಇದ್ದವು. ಕಡಿಮೆ ಮಾಡೋಣ ಅಂದಾಗ ಅವರು ಹೇಳಿದ್ದು: “ಇಷ್ಟ ದೊಡ್ಡ ಗ್ವಾಡಿ ಐತಿ, ನಾಕ ಮಾತ ಬರೀತೇನಿ ಅಂತೀರಲ್ರೀ.”

ಉತ್ತರ ಬಸ್ಸಿನ ವೇಗದಲ್ಲಿದೆ. ಗಂಟೆಗೆ 40 ಕಿಲೋಮೀಟರ್ ಓಡುವ ಬಸ್ಸು ಸೆಕೆಂಡಿಗೆ 11 ಮೀಟರ್ ಮುಂದೆ ಹೋಗುತ್ತದೆ. ಅಕ್ಷರದ ಎತ್ತರ ಒಂದು ಇಂಚಿದ್ದರೆ ಸುಮಾರು 10 ಅಡಿ ದೂರದಿಂದ ಕಷ್ಟವಿಲ್ಲದೆ ಓದಬಹುದು ಎಂಬುದು ಬೋರ್ಡು ಬರೆಯುವವರ ರೂಢಿಯ ಲೆಕ್ಕ. 16 ಇಂಚಿನ ಅಕ್ಷರ 160 ಅಡಿಗೆ, ಅಂದರೆ ಸುಮಾರು 49 ಮೀಟರಿಗೆ ಓದಲು ಸಿಗುತ್ತದೆ. ಅಲ್ಲಿಂದ ಗೋಡೆ ದಾಟುವವರೆಗೆ ಓದುವವನಿಗೆ ನಾಲ್ಕೂವರೆ ಸೆಕೆಂಡು. ರಸ್ತೆಯ ಉಬ್ಬು ಇನ್ನೆರಡು ಸೆಕೆಂಡು ಕೊಡಬಹುದು. ಅಷ್ಟರಲ್ಲಿ ಒಂದು ಹೆಸರು, ಮೂರು ಬೆಳೆ, ಒಂದು ಗುರುತು ಓದಬಹುದು. ಫೋನ್ ನಂಬರನ್ನು ಓಡುವ ಬಸ್ಸಿನಿಂದ ಯಾರೂ ಬರೆದುಕೊಳ್ಳುವುದಿಲ್ಲ. ಅದು ಚಹಾದಂಗಡಿಯಲ್ಲಿ ಕೂತವನಿಗೆ.

ಕೆಲವು ಮಾತುಗಳನ್ನು ಜಾಗದ ಕೊರತೆಗಾಗಿ ಅಲ್ಲ, ಸತ್ಯಕ್ಕಾಗಿಯೇ ತೆಗೆಸಬೇಕು. ‘ಪ್ರಮಾಣಿತ’ ಎಂಬುದಕ್ಕೆ ಬೀಜದ ಕಾನೂನಿನಲ್ಲಿ ಖಚಿತ ಅರ್ಥವಿದೆ. ಪ್ರಮಾಣನ ಸಂಸ್ಥೆ ಹೊಲ ನೋಡಿ, ಮಾದರಿ ಪರೀಕ್ಷಿಸಿದ ಮೇಲೆ ಚೀಲಕ್ಕೆ ನೀಲಿ ಚೀಟಿ ಬೀಳುತ್ತದೆ. ಖಾಸಗಿ ಕಂಪನಿಗಳ ಹೈಬ್ರಿಡ್ ಬೀಜ ಬಹುಮಟ್ಟಿಗೆ ಹಸಿರು ಚೀಟಿಯದ್ದು, ಅಂದರೆ ಉತ್ಪಾದಕರೇ ಗುಣಮಟ್ಟ ಬರೆದು ಹೊಣೆ ಹೊತ್ತದ್ದು. ಹಸಿರು ಚೀಟಿಯ ಚೀಲ ಮಾರುವ ಅಂಗಡಿ ‘ಪ್ರಮಾಣಿತ’ ಎಂದು ಗೋಡೆಯ ಮೇಲೆ ಬರೆಸಿದರೆ ಅದು ಸುಳ್ಳು. ಎಕರೆಗೆ ಇಷ್ಟು ಕ್ವಿಂಟಲ್ ಖಚಿತ ಎಂಬುದು ಇನ್ನೂ ಅಪಾಯದ ಮಾತು. ಬೀಜ ಕೊಂಡ ರೈತನೂ ಗ್ರಾಹಕನೇ, ಅವನು ಗ್ರಾಹಕ ವೇದಿಕೆಗೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೇ ಬೇರೆ ಮಾತಿದೆ. ಮಳೆ ಕೈಕೊಟ್ಟ ವರ್ಷ ಆ ಗೋಡೆಯ ಫೋಟೊ ಒಂದೇ ಸಾಕು. ಮೊಳಕೆಯ ಶೇಕಡಾವಾರು ಬರೆಸಲೂ ನಾವು ಒಪ್ಪಲಿಲ್ಲ. ಗೋವಿನಜೋಳದ ಹೈಬ್ರಿಡ್ಡಿಗೆ ಕನಿಷ್ಠ ಶೇ 90 ಇರಬೇಕು, ಮೆಣಸಿನಕಾಯಿಗೆ ಶೇ 60 ಸಾಕು. ಎರಡಕ್ಕೂ ಸೇರಿಸಿ ಒಂದು ಅಂಕಿ ಬರೆದರೆ ಯಾವುದೋ ಒಂದಕ್ಕೆ ಅದು ತಪ್ಪಾಗುತ್ತದೆ.

ತಳಿಯ ನಂಬರುಗಳು ಗೋಡೆಗೆ ಬೇಡ ಅಂದದ್ದಕ್ಕೆ ಕಾರಣ ಬೇರೆ. ತಳಿಗಳ ಬೇಡಿಕೆ ವರ್ಷ ವರ್ಷ ಬದಲಾಗುತ್ತದೆ. ತಿಳಿ ಬಣ್ಣದ ನೆಲದ ಮೇಲೆ ಬರೆದ ಗಾಢ ಅಕ್ಷರವನ್ನು ಅಳಿಸುವುದು ಕಷ್ಟ. ಎರಡು ಕೈ ಬಳಿದರೂ ಹಳೆಯ ನಂಬರು ಒಳಗಿಂದ ಇಣುಕುತ್ತದೆ. ತಳಿ, ದರ, ಹಿಂಗಾರಿಯ ಕಡಲೆ–ಜೋಳದ ಸುದ್ದಿ ಎಲ್ಲವನ್ನೂ ಅಂಗಡಿಯ ಮುಂದಿನ ತಗಡಿನ ಬೋರ್ಡಿಗೆ ಬಿಟ್ಟೆವು. ಗೋಡೆಯ ಮೇಲೆ ಮೂರು ವರ್ಷ ಬದಲಾಗದ ಮಾತು ಮಾತ್ರ.

ಬೆಳೆಯ ಹೆಸರು ರೈತರ ಬಾಯಲ್ಲಿರುವುದೇ ಆಗಬೇಕು. ಚೀಟಿಯಲ್ಲಿ ‘ಮೆಕ್ಕೆಜೋಳ’ ಎಂದಿತ್ತು. ಸರ್ಕಾರಿ ಕಾಗದದಲ್ಲಿಯೂ ದಾವಣಗೆರೆಯ ಕಡೆಯೂ ಅದು ಸರಿ. ಮೈಸೂರಿನ ಕಡೆಯಾದರೆ ಮುಸುಕಿನಜೋಳ. ಹಾವೇರಿ–ಧಾರವಾಡದ ರೈತ ಕೇಳುವುದು ಗೋವಿನಜೋಳ. ಹಾಗಾಗಿ ಉಳಿದದ್ದು ಇಷ್ಟು: ಮೊದಲ ಸಾಲಿಗೆ ಅಂಗಡಿಯ ಹೆಸರು, ಎರಡನೆಯದಕ್ಕೆ ‘ಗೋವಿನಜೋಳ • ಹತ್ತಿ • ಮೆಣಸಿನ ಬೀಜ’, ಮೂರನೆಯದಕ್ಕೆ ಎಡಗಡೆ ‘ಎಪಿಎಂಸಿ ಗೇಟ್ ಎದುರು’, ಬಲಗಡೆ ಒಂದೇ ಒಂದು ಫೋನ್ ನಂಬರು.

ಈ ಮೂರು ಸಾಲನ್ನು ಗೋಡೆಯ ಮೇಲೆ ಕೂರಿಸುವುದೇ ಯೋಜನೆಯ ತಿರುಳು. ಇಂಗ್ಲಿಷ್ ಬೋರ್ಡಿನ ಲೆಕ್ಕ ಕನ್ನಡಕ್ಕೆ ಹೊಂದುವುದಿಲ್ಲ. ಕನ್ನಡದ ಸಾಲಿಗೆ ಮೂರು ಮಹಡಿ: ನಡುವೆ ಅಕ್ಷರದ ಮೈ, ಮೇಲೆ ತಲೆಕಟ್ಟು ಮತ್ತು ಗುಡಿಸು, ಕೆಳಗೆ ಒತ್ತು. ಮೈ 16 ಇಂಚು ಎಂದರೆ ಮೇಲೆ 5, ಒತ್ತಿಗೆ ಕೆಳಗೆ 8 ಸೇರಿ ಸಾಲು 29 ಇಂಚು ತಿನ್ನುತ್ತದೆ. ಇದನ್ನು ಮರೆತು 16 ಇಂಚಿಗೆ ಗೆರೆ ಹೊಡೆದರೆ ಒತ್ತುಗಳನ್ನು ಕೊನೆಗೆ ಚಪ್ಪಟೆ ಮಾಡಿ ತುರುಕಬೇಕಾಗುತ್ತದೆ. ಒತ್ತು ಮೈಯ ಅರ್ಧದಷ್ಟೇ ಇರುವುದರಿಂದ ಅದು ಓದಲು ಸಿಗುವುದೂ ಅರ್ಧ ದೂರದಿಂದ. ಅದನ್ನೂ ಕುಗ್ಗಿಸಿದರೆ ದೂರದವರಿಗೆ ಹೆಸರೇ ಬೇರೆಯಾಗಿ ಕಾಣುತ್ತದೆ.

ಬುಡದ ಮೂರು ಅಡಿಗೆ ಬರಹ ಬೇಡ. ಮಳೆಹನಿ ನೆಲಕ್ಕೆ ಬಿದ್ದು ಸಿಡಿಯುವ ಕೆಸರು, ಒರಗಿಸಿದ ಸೈಕಲ್ಲು, ಎಲೆಯಡಿಕೆಯ ಉಗುಳು, ಕೆಳಗಿಂದ ಏರುವ ಉಪ್ಪಿನ ತೇವ ಎಲ್ಲ ಅಲ್ಲಿಯೇ. ಅಷ್ಟನ್ನು ಕೆಮ್ಮಣ್ಣಿನ ಬಣ್ಣದ ಪಟ್ಟಿಗೆ ಬಿಟ್ಟೆವು. ಸಜ್ಜಾದ ಕೆಳಗೆ ಅರ್ಧ ಅಡಿ ಖಾಲಿ. ಉಳಿದದ್ದು ಆರೂವರೆ ಅಡಿ, 78 ಇಂಚು. ಎರಡು ಬದಿಗೂ ಒಂದೊಂದು ಅಡಿ ಅಂಚು ಬಿಟ್ಟರೆ ಅಗಲ 22 ಅಡಿ, 264 ಇಂಚು.

78 ಇಂಚನ್ನು ಹೀಗೆ ಹಂಚಿದೆವು. ಹೆಸರಿನ ಸಾಲಿಗೆ 29, ಬೆಳೆಗಳ ಸಾಲಿಗೆ ಮೈ 9 ಮತ್ತು ಮೇಲೆ 3 ಸೇರಿ 12, ಕೆಳಗಿನ ಸಾಲಿಗೆ 12. ಮೂರೂ ಸೇರಿ 53. ಉಳಿದ 25ರಲ್ಲಿ ಮೇಲೆ 5, ಸಾಲುಗಳ ನಡುವೆ 7 ಮತ್ತು 7, ಕೆಳಗೆ 6. ಬೆಳೆಗಳ ಸಾಲಿನಲ್ಲಿ ಒತ್ತಿಗೆ ಜಾಗವನ್ನೇ ಇಟ್ಟಿಲ್ಲ ಎಂದು ಕೇಳಬಹುದು. ಆ ಸಾಲಿನಲ್ಲಿ ಒತ್ತು ಇರುವುದು ‘ಹತ್ತಿ’ಗೆ ಮಾತ್ರ. ಒಂದು ಒತ್ತಿಗಾಗಿ ಇಡೀ ಸಾಲನ್ನು 5 ಇಂಚು ಇಳಿಸುವುದಕ್ಕಿಂತ ಅದನ್ನು ಸಾಲುಗಳ ನಡುವಿನ ಖಾಲಿಗೆ ಇಳಿಬಿಡಬಹುದು, ಆದರೆ ಅದರ ಕೆಳಗೆ ಬೇರೆ ಅಕ್ಷರ ಇರಬಾರದು. ಇದ್ದರೆ ಎರಡೂ ಅಂಟಿಕೊಂಡಂತೆ ಕಾಣುತ್ತವೆ.

ಅದಕ್ಕೆ ಅಗಲದ ಲೆಕ್ಕ ಬೇಕು. ಅಕ್ಷರ ಎಣಿಸಿದರೆ ಸಾಲದು, ಮನೆ, ಅಂದರೆ ಅದು ಹಿಡಿಯುವ ಅಗಲ, ಎಣಿಸಬೇಕು. ‘ನ’, ‘ವಿ’, ‘ಳ’ ಒಂದೊಂದು ಮನೆ. ‘ಗೋ’ ಎಣಿಕೆಗೆ ಒಂದೇ ಅಕ್ಷರವಾದರೂ ಕೊಂಬು, ದೀರ್ಘ ಎರಡೂ ಬಲಕ್ಕೆ ಚಾಚಿ ಎರಡೂವರೆ ಮನೆ ಹಿಡಿಯುತ್ತದೆ. ‘ಜೋ’ ಅದಕ್ಕಿಂತ ತುಸು ಹೆಚ್ಚು. ಹೀಗೆ ‘ಗೋವಿನಜೋಳ’ ಐದು ಅಕ್ಷರವಾದರೂ ಎಂಟು ಮನೆ. ಚುಕ್ಕಿ ಮತ್ತು ಖಾಲಿಗೆ ಒಂದು, ‘ಹತ್ತಿ’ಗೆ ಎರಡು, ಮತ್ತೆ ಚುಕ್ಕಿಗೆ ಒಂದು, ‘ಮೆಣಸಿನ ಬೀಜ’ಕ್ಕೆ ಎಂಟು. ಒಟ್ಟು 20. ಮೈ 9 ಇಂಚಿನ ಅಕ್ಷರದ ಮನೆಗೆ ಸಂದು ಸೇರಿ 13 ಇಂಚು ಅಗಲ ಬೇಕು. 20 ಮನೆಗೆ 260 ಇಂಚು. 264ರಲ್ಲಿ ಸರಿಯಾಗಿ ಕೂತಿತು. ಇನ್ನೊಂದು ಬೆಳೆ ಸೇರಿಸಿದರೆ ಅಕ್ಷರ 7 ಇಂಚಿಗೆ ಇಳಿಯುತ್ತಿತ್ತು. ಅಂಗಡಿಯವರು ಸೂರ್ಯಕಾಂತಿ ಕೇಳಿದಾಗ ಈ ಲೆಕ್ಕ ತೋರಿಸಿದೆವು, ಅವರೇ ಬಿಟ್ಟರು. ಹೆಸರಿನ ಸಾಲು 11 ಮನೆ, ಒಂದಕ್ಕೆ 22 ಇಂಚಿನಂತೆ 242.

ಈಗ ‘ಹತ್ತಿ’ ಎಲ್ಲಿ ಬೀಳುತ್ತದೆ ನೋಡಿ. ಅದಕ್ಕೆ ಮುಂಚೆ ಒಂಬತ್ತು ಮನೆ, ಅಂದರೆ ಎಡ ಅಂಚಿನಿಂದ 117 ಇಂಚಿಗೆ ಶುರುವಾಗಿ 143ಕ್ಕೆ ಮುಗಿಯುತ್ತದೆ. ಕೆಳಗಿನ ಸಾಲಿನಲ್ಲಿ ‘ಎಪಿಎಂಸಿ ಗೇಟ್ ಎದುರು’ 7 ಇಂಚಿನ ಮೈಗೆ ಸುಮಾರು 117 ಇಂಚು ಹಿಡಿಯುತ್ತದೆ. ನಂಬರಿನ ಅಂಕಿ 12 ಇಂಚು ಎತ್ತರ, ಸಂದು ಸೇರಿ ಒಂದಕ್ಕೆ ಒಂಬತ್ತೂವರೆ. ಹತ್ತಕ್ಕೆ 95, ಐದಾದ ಮೇಲೆ ಬಿಡುವ ಜಾಗ 8, ಒಟ್ಟು 103. ಅದನ್ನು ಬಲ ಅಂಚಿಗೆ ಒತ್ತಿ ನಿಲ್ಲಿಸಿದರೆ ನಡುವೆ 117ರಿಂದ 161ರವರೆಗೆ ಖಾಲಿ ಉಳಿಯುತ್ತದೆ. ‘ತ್ತಿ’ಯ ಒತ್ತು ಇಳಿಯುವುದು ಆ ಖಾಲಿಯ ಮೇಲೆಯೇ. ಬೆಳೆಗಳ ಕ್ರಮವನ್ನು ಎರಡು ಸಲ ಬದಲಿಸಿ ನೋಡಿದ ಮೇಲೆ ಇದು ಸಿಕ್ಕಿತು. ಇಷ್ಟನ್ನೂ ಗೀಟು ಹಾಳೆಯ ಮೇಲೆ ಒಂದು ಅಡಿಗೆ ಒಂದು ಸೆಂಟಿಮೀಟರಿನಂತೆ ಬರೆದು, ಅಂಗಡಿಯವರ ಸಹಿ ಪಡೆದೆವು. ಅಂಕಿಗಳು 1, 2, 3 ಎಂದೇ ಇರಲಿ. ಫೋನಿನಲ್ಲಿ ಒತ್ತುವುದು ಅವನ್ನೇ.

ಬಣ್ಣದ ಆಯ್ಕೆಗೆ ಮುಂಚೆ ಆ ರಸ್ತೆಯ ಉಳಿದ ಗೋಡೆಗಳ ಫೋಟೊ ತೆಗೆದು ಒಟ್ಟಿಗೆ ಇಟ್ಟು ನೋಡಿದೆವು. ಬೀಜ, ಗೊಬ್ಬರ, ಸಿಮೆಂಟು ಎಲ್ಲ ಹಳದಿ ನೆಲ, ಕೆಂಪು ಅಕ್ಷರ. ದೂರದಿಂದ ಚೆನ್ನಾಗಿ ಕಾಣುವ ಜೋಡಿಯೇ, ಆದರೆ ಐದು ಹಳದಿ ಗೋಡೆಯ ನಡುವೆ ಆರನೆಯದು ಕರಗಿಹೋಗುತ್ತದೆ. ಹೊಳೆಯುವ ಕೆಂಪು ಬಿಸಿಲಿಗೆ ಬೇಗ ಪೇಲವವಾಗುತ್ತದೆ ಕೂಡ. ಹಳೆಯ ಗೋಡೆಗಳಲ್ಲಿ ಅದು ಗುಲಾಬಿಯಾಗಿದ್ದುದು ಕಾಣುತ್ತಿತ್ತು. ನಾವು ಬಿಳಿ ನೆಲಕ್ಕೆ ಗಾಢ ನೀಲಿ ಅಕ್ಷರ ಹಿಡಿದೆವು. ಬುಡದ ಕೆಮ್ಮಣ್ಣು ಕಬ್ಬಿಣದ ಆಕ್ಸೈಡಿನ ಬಣ್ಣ, ಬಿಸಿಲಿಗೆ ಜಗ್ಗುವುದಿಲ್ಲ, ಕೆಸರನ್ನೂ ಮುಚ್ಚುತ್ತದೆ. ಗಾಢ ನೀಲಿಯನ್ನು ಅಂಗಡಿಯ ಮಿಶ್ರಣ ಯಂತ್ರದಲ್ಲಿಯೇ ಮಾಡಿಸಬೇಕು. ಬಿಳಿ ಬಣ್ಣಕ್ಕೆ ಸ್ಟೇನರ್ ಬಾಟಲಿ ಸುರಿದರೆ ಆಕಾಶನೀಲಿಗಿಂತ ಮುಂದೆ ಹೋಗುವುದಿಲ್ಲ, ಇನ್ನೂ ಸುರಿದರೆ ಒಣಗಿದ ಮೇಲೆ ಕೈಗೆ ಹತ್ತುತ್ತದೆ.

ಅಕ್ಷರಕ್ಕೆ ಆಯಿಲ್ ಪೇಂಟ್ ಹಾಕೋಣ, ಹೊಳಪು ಬರುತ್ತದೆ ಎಂಬ ಮಾತು ಬಂತು. ಸುಣ್ಣ ಬಳಿದು ಬಳಿದು ದಪ್ಪವಾದ ಗೋಡೆಗೆ ಅದು ಆಗದು. ಸುಣ್ಣ, ಸಿಮೆಂಟಿನ ಕ್ಷಾರ ತೇವದ ಜೊತೆ ಸೇರಿ ಬಣ್ಣದ ಎಣ್ಣೆಯನ್ನು ಸಾಬೂನಿನಂತೆ ಮಾಡಿಬಿಡುತ್ತದೆ; ಅಕ್ಷರ ಮೆತ್ತಗಾಗಿ, ಗುಳ್ಳೆ ಎದ್ದು ಸಿಪ್ಪೆಯಂತೆ ಬಿಚ್ಚುತ್ತದೆ. ನೀರಿನಲ್ಲಿ ಕಲಸುವ ಹೊರಗೋಡೆಯ ಎಮಲ್ಷನ್ ಒಳಗಿನ ತೇವವನ್ನು ಸ್ವಲ್ಪ ಹೊರಬಿಡುತ್ತದೆ, ಅದೇ ಸರಿ. ಹೊಸ ಗಿಲಾವು ಆಗಿದ್ದರೆ 28 ದಿನ ಕಾಯದೆ ಯಾವ ಬಣ್ಣವೂ ಬೇಡ.

ಗೋಡೆಯ ಪರೀಕ್ಷೆ ಎರಡು. ಅಂಗೈ ಒತ್ತಿ ಉಜ್ಜಿದಾಗ ಬಿಳಿ ಪುಡಿ ಹತ್ತಿತು. ಅಂದರೆ ಬಣ್ಣ ಗೋಡೆಯನ್ನಲ್ಲ, ಪುಡಿಯನ್ನು ಹಿಡಿಯುತ್ತದೆ, ಪುಡಿಯ ಜೊತೆಯೇ ಉದುರುತ್ತದೆ. ಎರಡನೆಯದಕ್ಕೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ ರಾತ್ರಿಯಿಡೀ ಬಿಟ್ಟೆವು. ಮೂರು ಅಡಿಗಿಂತ ಮೇಲೆ ಅಂಟಿಸಿದ್ದು ಒಣಗಿತ್ತು. ಬುಡದ್ದರ ಒಳಮೈಗೆ ನೀರಹನಿ ಕಟ್ಟಿತ್ತು. ಬುಡಕ್ಕೆ ಬರಹ ಬೇಡ ಎಂಬ ತೀರ್ಮಾನ ಗಟ್ಟಿಯಾಯಿತು.

ಸಾಮಾನಿನ ಲೆಕ್ಕ ಚದರಡಿಯದ್ದು. ಇಡೀ ಗೋಡೆ 240 ಚದರಡಿ. ಪ್ರೈಮರ್ ಒರಟು ಗೋಡೆಯಲ್ಲಿ ಲೀಟರಿಗೆ 90 ಚದರಡಿ ಹಿಡಿದು ಮೂರು ಲೀಟರ್. ಬಿಳಿಯ ಭಾಗ 24 ಅಡಿಗೆ 7 ಅಡಿ, 168 ಚದರಡಿ. ಎರಡು ಕೈಗೆ ಲೀಟರಿಗೆ 50ರಂತೆ ಮೂರೂವರೆ, ತಂದದ್ದು ನಾಲ್ಕು. ಬುಡದ 72 ಚದರಡಿಗೆ ಕೆಮ್ಮಣ್ಣು ಬಣ್ಣ ಎರಡು ಲೀಟರ್. ಅಕ್ಷರಗಳು ನೆಲದ ಆರನೇ ಒಂದು ಪಾಲಿಗಿಂತ ಹೆಚ್ಚು ಮುಚ್ಚುವುದಿಲ್ಲ, ನೀಲಿ ಒಂದು ಲೀಟರ್ ಸಾಕಾಯಿತು. ಗುತ್ತಿಗೆಗೆ ಕೊಟ್ಟಾಗ ಬಣ್ಣವನ್ನು ನಾವೇ ತಂದು ಕಣ್ಣೆದುರು ಡಬ್ಬಿ ತೆರೆಸುವುದು ಒಳ್ಳೆಯದು. ಡಬ್ಬಿಯ ಮೇಲೆ ಹೇಳಿದ್ದಕ್ಕಿಂತ ಹೆಚ್ಚು ನೀರು ಬೆರೆಸಿದ ಬಣ್ಣ ಬಳಿದ ದಿನ ಚೆನ್ನಾಗಿಯೇ ಕಾಣುತ್ತದೆ. ವಾರ ಬಿಟ್ಟು ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಬಟ್ಟೆಗೆ ಬಣ್ಣ ಬರುವುದೇ ಅದರ ಗುರುತು.

ಮೊದಲ ದಿನ ತಂತಿ ಬ್ರಷ್ಷಿನಿಂದ ಪುಡಿ ಸುಣ್ಣ ಕೆರೆದು, ನೀರು ಹೊಡೆದು ತೊಳೆದದ್ದು. ಎರಡನೆಯ ದಿನ ಬಿರುಕು ತುಂಬಿ, ಪ್ರೈಮರ್. ಅದು ಒಣಗಿದ ಮೇಲೆ ಟೇಪು ಒತ್ತಿ ಝಟ್ಟನೆ ಕಿತ್ತು ನೋಡಿದಾಗ ಬಲಗಡೆ ಎರಡು ಅಡಿ ಜಾಗದಲ್ಲಿ ಪ್ರೈಮರ್ ಟೇಪಿನ ಜೊತೆ ಬಂತು. ಆ ಜಾಗವನ್ನು ಗಿಲಾವು ಕಾಣುವವರೆಗೆ ಮತ್ತೆ ಕೆರೆಸಿದೆವು. ಮೂರನೆಯ ದಿನ ಬಿಳಿ ಎರಡು ಕೈ, ನಡುವೆ ಐದು ಗಂಟೆ ಬಿಟ್ಟು. ಪೂರ್ವದ ಗೋಡೆಗೆ ಬೆಳಗಿನ ಬಿಸಿಲು ನೇರ ಬೀಳುವುದರಿಂದ ಬಣ್ಣ ಬ್ರಷ್ಷಿನಲ್ಲಿಯೇ ಒಣಗಿ ಗೆರೆ ಬೀಳುತ್ತದೆ. ಹಾಗಾಗಿ ಮೊದಲ ಕೈ ಬೆಳಕು ಹರಿಯುತ್ತಿದ್ದಂತೆ ಶುರುಮಾಡಿ ಗೋಡೆ ಕಾಯುವ ಮೊದಲೇ ಮುಗಿಸಿದೆವು. ಎರಡನೆಯದು ಮಧ್ಯಾಹ್ನ ನೆರಳು ಬಂದ ಮೇಲೆ. ಆ ಸಂಜೆ ಮೋಡ ಕಟ್ಟಿದರೆ ಎರಡನೆಯ ಕೈಯನ್ನು ಮರುದಿನಕ್ಕೆ ಬಿಡುವುದೇ ಲೇಸು.

ನಾಲ್ಕನೆಯ ದಿನ ಗೆರೆ. 22 ಅಡಿ ದಾರವನ್ನು ಎರಡು ತುದಿಯಲ್ಲಿ ಮಾತ್ರ ಹಿಡಿದು ಹೊಡೆದರೆ ನಡುವೆ ಜೋಲು ಬಿದ್ದು ಗೆರೆ ಬಾಗುತ್ತದೆ. ಒಬ್ಬರು ನಡುವೆ ಬೆರಳೊತ್ತಿ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊಡೆಯಬೇಕು. ಮಟ್ಟಕ್ಕೆ ನೀರು ತುಂಬಿದ ಪಾರದರ್ಶಕ ಪೈಪು ಹಿಡಿದಾಗ ಸಜ್ಜಾವೇ ಬಲಕ್ಕೆ ಒಂದು ಇಂಚು ಇಳಿದಿರುವುದು ಗೊತ್ತಾಯಿತು. ಬರಹವನ್ನು ನೀರಿನ ಮಟ್ಟಕ್ಕೇ ಬರೆದರೆ ಸಜ್ಜಾದ ಕೆಳಗೆ ಅದೇ ಓರೆಯಾಗಿ ಕಾಣುತ್ತದೆ, ಏಕೆಂದರೆ ಕಣ್ಣು ಹೋಲಿಸುವುದು ಹತ್ತಿರದ ಅಂಚಿನ ಜೊತೆ. ಮೇಲಿನ ಸಾಲನ್ನು ಅರ್ಧ ಇಂಚು ಸಜ್ಜಾದ ಕಡೆಗೆ ವಾಲಿಸಿ, ಕೆಳಗಿನದನ್ನು ಮಟ್ಟಕ್ಕೆ ಬಿಟ್ಟೆವು. ಆಮೇಲೆ ಮನೆಗಳನ್ನು ಗುರುತಿಸಿ, ಮೂರೂ ಸಾಲನ್ನು ಕೊನೆಯ ಅಕ್ಷರದವರೆಗೆ ಇದ್ದಿಲಿನಲ್ಲಿ ತೆಳುವಾಗಿ ಬರೆದು, ರಸ್ತೆಯಾಚೆ ಹೋಗಿ ನೋಡಿ, ಆಮೇಲೆಯೇ ನೀಲಿ. ಎಡದಿಂದ ನೇರ ಬಣ್ಣದಲ್ಲೇ ಹೊರಟರೆ ಬಲಕ್ಕೆ ಬರುವಾಗ ಅಕ್ಷರ ಸಪೂರವಾಗುವುದು ತಪ್ಪದು. ನಿಲ್ಲಲು ಎರಡು ಡ್ರಮ್ಮಿನ ಮೇಲೆ ಹಲಗೆ ಸಾಕಾಯಿತು. ಗೋಡೆಯ ಎಡತುದಿಯ ಮೇಲೆ ಕರೆಂಟಿನ ಸರ್ವಿಸ್ ತಂತಿ ಹಾದಿತ್ತು. ಅಲ್ಲಿ ಅಲ್ಯೂಮಿನಿಯಂ ಏಣಿ ಹತ್ತಿರ ತರಲಿಲ್ಲ.

ಐದನೆಯ ದಿನ ಅಕ್ಷರಕ್ಕೆ ಎರಡನೆಯ ಕೈ, ಅಂಚು ತಿದ್ದುವುದು, ಕಾಗುಣಿತ ನೋಡುವುದು. ಬರೆದವರ ಕಣ್ಣಿಗೆ ತಪ್ಪು ಕಾಣುವುದಿಲ್ಲ. ಅಂಗಡಿಯ ಹುಡುಗನಿಂದ ಗಟ್ಟಿಯಾಗಿ ಓದಿಸಿದೆವು. ನಂಬರನ್ನು ಗೋಡೆ ನೋಡಿಯೇ ಒತ್ತಿ ಕರೆ ಮಾಡಿಸಿದೆವು. ಕರೆ ಬೇರೆ ಯಾರಿಗೋ ಹೋಯಿತು. ಏಳನೆಯ ಅಂಕಿ 1 ಇರಬೇಕಾದಲ್ಲಿ 7 ಆಗಿತ್ತು. ನಕ್ಷೆಯಲ್ಲಿ ಕೈಬರಹದ 1ಕ್ಕೆ ಮೇಲೊಂದು ಗೀಟು ಇದ್ದದ್ದೇ ಕಾರಣ. ಬಿಳಿ ಮೂರು ಕೈ ಬಳಿದು, ಒಣಗಿಸಿ, ಸಂಜೆಗೆ ತಿದ್ದಿ ಬರೆದೆವು. ಮತ್ತೆ ಒತ್ತಿದಾಗ ಅಂಗಡಿಯ ಫೋನ್ ರಿಂಗಾಯಿತು.

ಉಳಿದ ಅರ್ಧ ಲೀಟರ್ ಬಿಳಿ, ಕಾಲು ಲೀಟರ್ ನೀಲಿಯನ್ನು ಎರಡು ಗಾಜಿನ ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಬಣ್ಣದ ನಂಬರು ಮತ್ತು ತಾರೀಖು ಬರೆದ ಚೀಟಿ ಅಂಟಿಸಿ ಅಂಗಡಿಯಲ್ಲಿ ಇಡಿಸಿದೆವು. ಮೃಗಶಿರಾ ಮಳೆ ಎರಡು ಸಲ ಹೊಡೆದ ಮೇಲೆ ಹೋಗಿ ನೋಡಿದಾಗ ಕೆರೆದು ಮತ್ತೆ ಪ್ರೈಮರ್ ಹಾಕಿದ್ದ ಆ ಎರಡು ಅಡಿ ಗಟ್ಟಿಯಾಗಿತ್ತು. ಪೈಪಿನ ಬದಿ ಒಣಗಿತ್ತು. ಕೆಮ್ಮಣ್ಣಿನ ಪಟ್ಟಿಯ ಎಡಮೂಲೆಯಲ್ಲಿ ಅಂಗೈ ಅಗಲ ಉಪ್ಪು ಹೂ ಎದ್ದಿತ್ತು. ಅದನ್ನು ನೀರು ಹಾಕದೆ ಒಣ ಬ್ರಷ್ಷಿನಿಂದ ತೆಗೆದು ಹಾಗೇ ಬಿಟ್ಟೆವು; ಒಳಗಿನ ತೇವ ಆರುವವರೆಗೆ, ಅಂದರೆ ದೀಪಾವಳಿ ಕಳೆಯುವವರೆಗೆ, ಅದರ ಮೇಲೆ ಬಣ್ಣ ಹಾಕಿ ಪ್ರಯೋಜನವಿಲ್ಲ.